‘ಕೆಲವು’ ಎಂಬ ಮಾತು

ಕ್ಷಮೆ ಕೇಳುವುದು ನನಗೆ ಹೊಸದೇನಲ್ಲ. ಹಾಲು ಉಕ್ಕಿದ್ದಕ್ಕೆ, ಗೃಹಪ್ರವೇಶಕ್ಕೆ ಹೋಗಲಾಗದ್ದಕ್ಕೆ, ಮಗಳ ಶಾಲೆಯ ಸಭೆಗೆ ತಡವಾಗಿ ಹೋದದ್ದಕ್ಕೆ, ಕೆಲವೊಮ್ಮೆ ಏನೂ ಮಾಡದೆಯೂ, ಐವತ್ತು ವರ್ಷಗಳಲ್ಲಿ ನಾನು ಎಷ್ಟು ಸಲ ‘ತಪ್ಪಾಯ್ತು’ ಎಂದಿದ್ದೇನೋ ಲೆಕ್ಕವಿಟ್ಟವರಿಲ್ಲ. ಆದರೂ 2023ರ ಆಗಸ್ಟ್ 10ರ ಗುರುವಾರ, ವಿಜಯನಗರದ ನಮ್ಮ ಆಫೀಸಿನಲ್ಲಿ ಕುಳಿತು ಒಂದು ಪುಟದ ಈಮೇಲ್ ಬರೆಯಲು ನನಗೆ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಬೇಕಾಯಿತು. ಡಬ್ಬಿಯಲ್ಲಿದ್ದ ಚಿತ್ರಾನ್ನ ಹಾಗೆಯೇ ಉಳಿದು ಮನೆಗೆ ಬಂತು.

ನಮ್ಮದು ಹದಿನಾಲ್ಕು ಜನರ ಸಣ್ಣ ಸಾಫ್ಟ್‌ವೇರ್ ಸಂಸ್ಥೆ. ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕ ಇಡುವ ತಂತ್ರಾಂಶ ಮಾಡಿಕೊಡುತ್ತೇವೆ. ನಾನು ಪ್ರೋಗ್ರಾಂ ಬರೆಯುವವಳಲ್ಲ. ಕನ್ನಡದಲ್ಲಿ ಕೈಪಿಡಿ ಬರೆಯುವುದು, ಸಂಘದ ಗುಮಾಸ್ತರಿಗೆ ಕಲಿಸುವುದು, ಹೊಸ ಆವೃತ್ತಿ ಹೊರಡುವ ಮುನ್ನ ‘ಇದು ನೋಡಿದೆ, ಅದು ನೋಡಿದೆ’ ಎಂದು ಒಂದು ಪಟ್ಟಿಗೆ ಗುರುತು ಹಾಕುವುದು, ಇವು ನನ್ನ ಕೆಲಸ. ಪತ್ರ ವ್ಯವಹಾರವೂ ನನ್ನದೇ. ಹಾಗಾಗಿ ತಪ್ಪು ಯಾರದಾದರೂ ಕ್ಷಮೆ ಕೇಳುವ ಪಾಳಿ ನನ್ನದು. ಆ ಸಲ ತಪ್ಪಿನಲ್ಲಿಯೂ ನನ್ನ ಪಾಲಿತ್ತು.

ಆದದ್ದನ್ನು ಹೇಳಿಬಿಡುತ್ತೇನೆ. ಬೇರೆ ಜಿಲ್ಲೆಯ ಒಂದು ಸಂಘ ಒಡವೆಗಳ ಮೇಲೆ ಸಾಲ ಕೊಡುತ್ತದೆ. ಶಾಖೆಗಳಲ್ಲಿ ದಿನವಿಡೀ ನಡೆದ ವಹಿವಾಟೆಲ್ಲ ರಾತ್ರಿ ಒಂದು ಫೈಲಾಗಿ ಮುಖ್ಯ ಕಂಪ್ಯೂಟರಿಗೆ ಬಂದು ಸೇರುತ್ತದೆ. ಹೊಸ ಸಾಲವಷ್ಟೇ ಅಲ್ಲ, ಹಳೆಯ ಸಾಲಕ್ಕೆ ಯಾರಾದರೂ ಬಡ್ಡಿ ಕಟ್ಟಿದರೆ ಆ ಸಾಲದ ಸಾಲೂ, ಅದನ್ನು ತೆಗೆದುಕೊಂಡ ತಾರೀಖಿನ ಸಮೇತ, ಮತ್ತೊಮ್ಮೆ ಬರುತ್ತದೆ. ಆಗಸ್ಟ್ 5ರ ಶನಿವಾರ ರಾತ್ರಿ ನಾವು ಹೊಸ ಆವೃತ್ತಿ ಹಾಕಿದೆವು, ಜೊತೆಗೆ ಯಂತ್ರವನ್ನೂ ಬದಲಿಸಿದೆವು. ಹೊಸ ಯಂತ್ರ ತಾರೀಖನ್ನು ಅಮೆರಿಕದ ರೀತಿಯಲ್ಲಿ ಓದುವಂತೆ ಹೊಂದಿಸಿತ್ತು. ಅವರಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಾವು 07/08/2023 ಎಂದರೆ ಆಗಸ್ಟ್ 7. ಅದಕ್ಕೆ ಜುಲೈ 8.

ಎಲ್ಲ ತಾರೀಖುಗಳೂ ಕೆಟ್ಟಿದ್ದರೆ ಆ ರಾತ್ರಿಯೇ ಗೊತ್ತಾಗುತ್ತಿತ್ತು. ಕೆಡುಕು ಇದ್ದದ್ದು ಹಾಗಾಗದೆ ಇದ್ದುದರಲ್ಲಿ. 28/07 ಎಂದು ಬಂದರೆ ಇಪ್ಪತ್ತೆಂಟನೆಯ ತಿಂಗಳು ಎಂಬುದಿಲ್ಲವಲ್ಲ, ಪ್ರೋಗ್ರಾಂ ತಾನೇ ಜಾಣತನ ಮಾಡಿ ‘ಓಹೋ, ಇದು ದಿನ ಇರಬೇಕು’ ಎಂದು ಸರಿಯಾಗಿ ಓದಿಕೊಳ್ಳುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ತಿಂಗಳ ಮೊದಲ ಹನ್ನೆರಡು ದಿನಗಳು ಮಾತ್ರ ತಿರುವುಮುರುವಾಗುತ್ತಿದ್ದವು. ಆ ಹನ್ನೆರಡರಲ್ಲೂ ದಿನ ಮತ್ತು ತಿಂಗಳು ಒಂದೇ ಆಗಿರುವ ಒಂದು ದಿನಕ್ಕೆ ಏನೂ ಆಗುವುದಿಲ್ಲ. ತಿಂಗಳಿಗೆ ಹನ್ನೊಂದು ದಿನ ಹಾಳು, ಉಳಿದದ್ದು ಚೊಕ್ಕ. ಅನ್ನದಲ್ಲಿ ಕಲ್ಲು ಸಿಕ್ಕುವುದು ಹೀಗೆಯೇ, ಮೊದಲ ತುತ್ತಿನಲ್ಲಿಯೇ ಸಿಕ್ಕಬೇಕೆಂದಿಲ್ಲ.

ಶನಿವಾರ ಸಂಜೆ ಪರೀಕ್ಷೆಗೆ ನಾವು ಇಟ್ಟುಕೊಂಡಿದ್ದು ಜುಲೈ ಕೊನೆಯ ವಾರದ ಫೈಲು. ಅದರಲ್ಲಿದ್ದ ಹೊಸ ಸಾಲಗಳ ತಾರೀಖುಗಳೆಲ್ಲ 25ರಿಂದ 31ರೊಳಗೆ. ನಾನು ಮೇಲಿನ ಹತ್ತು ಹನ್ನೆರಡು ಸಾಲುಗಳನ್ನು ನೋಡಿದೆ, ಸರಿ ಇದ್ದವು, ‘ತಾರೀಖು’ ಎಂಬಲ್ಲಿ ಗುರುತು ಹಾಕಿದೆ. ಮನೆಗೆ ನೆಂಟರು ಬರುವವರಿದ್ದರು. ಮಂಗಳವಾರ ನಮ್ಮ ಹುಡುಗನೊಬ್ಬ ತಾನಾಗಿಯೇ ಮತ್ತೊಮ್ಮೆ ನೋಡಿದ. ಅಂದು ಆಗಸ್ಟ್ 8! ಎಂಟನೆಯ ತಿಂಗಳ ಎಂಟನೆಯ ದಿನ. ಯಾವ ಕಡೆಯಿಂದ ಓದಿದರೂ ಒಂದೇ. ‘ಎಲ್ಲ ಸರಿ ಇದೆ ಮೇಡಂ’ ಎಂದ. ದೇವರು ನಮ್ಮನ್ನು ಪರೀಕ್ಷಿಸಲೆಂದೇ ಪಂಚಾಂಗ ನೋಡಿ ದಿನ ಇಟ್ಟಂತಿತ್ತು.

ಗುರುವಾರ ಬೆಳಗ್ಗೆ ಸಂಘದ ಕಾರ್ಯದರ್ಶಿಗಳ ಫೋನು ಬಂತು. ಅರವತ್ತು ದಾಟಿದವರು, ಕೂಗಾಡುವವರಲ್ಲ. “ನೋಡೀಮ್ಮ, ಒಬ್ಬ ಹೆಣ್ಣುಮಗಳು ಹರಾಜಿನ ನೋಟಿಸು ಹಿಡಕೊಂಡು ಬಂದು ನಿಂತಿದ್ದಾಳೆ. ಸೋಮವಾರ ತಾನೇ ಬಡ್ಡಿ ಕಟ್ಟಿದ ರಸೀತಿಯೂ ಕೈಯಲ್ಲಿದೆ. ನಾನು ಯಾವುದನ್ನ ನಂಬಲಿ?” ಎಂದರು. ಆಕೆ ಬಳೆಗಳನ್ನು ಅಡವಿಟ್ಟದ್ದು 03/09/2022, ಅಂದರೆ ಸೆಪ್ಟೆಂಬರ್ 3ರಂದು. ಒಂದು ವರ್ಷದ ಗಡುವಿಗೆ ಇನ್ನೂ ಮೂರು ವಾರ ಬಾಕಿ ಇತ್ತು. ಕಂಪ್ಯೂಟರ್ ಅದನ್ನು ಮಾರ್ಚ್ 9 ಎಂದು ಬರೆದುಕೊಂಡು, ಗಡುವು ಮೀರಿ ಐದು ತಿಂಗಳಾಯಿತೆಂದು ಹರಾಜಿನ ಪಟ್ಟಿಗೆ ಸೇರಿಸಿತ್ತು. ಫೋನು ಇಟ್ಟಮೇಲೆ ನನಗೆ ಹೊಳೆದು ಮೈ ಝುಂ ಎಂದ ಸಂಗತಿ ಇದು: ಆ ವಾರ ಬಡ್ಡಿ ಕಟ್ಟಿದವರ ಸಾಲುಗಳು ಮಾತ್ರ ಹೊಸ ಯಂತ್ರದ ಕೈಗೆ ಸಿಕ್ಕಿದ್ದವು. ಬಡ್ಡಿ ಕಟ್ಟದೆ ಸುಮ್ಮನೆ ಮನೆಯಲ್ಲಿದ್ದವರಿಗೆ ಏನೂ ಆಗಲಿಲ್ಲ. ತಪ್ಪದೆ ಬಂದು ಕಟ್ಟಿದವರಿಗೇ ಹರಾಜಿನ ಬೆದರಿಕೆ ಹೋಗಿತ್ತು.

ಇನ್ನು ಪತ್ರ ಬರೆಯಬೇಕು. ಮೊದಲ ಕರಡನ್ನು ಹುಡುಗರೇ ಮಾಡಿಕೊಟ್ಟರು, ಇಂಥದಕ್ಕೆಲ್ಲ ಒಂದು ಅಚ್ಚು ಇರುತ್ತದೆ. ‘ಅನಿರೀಕ್ಷಿತ ತಾಂತ್ರಿಕ ಕಾರಣದಿಂದಾಗಿ ಕೆಲವು ದಾಖಲೆಗಳಲ್ಲಿ ವ್ಯತ್ಯಾಸ ಉಂಟಾಗಿದೆ. ನಮ್ಮ ತಂಡ ಕಾರ್ಯಪ್ರವೃತ್ತವಾಗಿದೆ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ಓದಿದಾಗ ನನಗೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತ ಹಾಗಾಯಿತು. ಅಲ್ಲಿ ವಿಷಾದಿಸುವ ಹೆಂಗಸಿನ ದನಿ ಎಷ್ಟು ಇಂಪಾಗಿರುತ್ತದೆ! ಅವಳು ಯಾರು, ರೈಲು ಎಲ್ಲಿ ನಿಂತಿದೆ, ಕಾಫಿ ಕುಡಿದು ಬರುವಷ್ಟು ಹೊತ್ತಿದೆಯೇ, ಅದು ಮಾತ್ರ ತಿಳಿಯುವುದಿಲ್ಲ.

ಮೂರೇ ವಾಕ್ಯ, ಒಂದರಲ್ಲಿಯೂ ಮಾಡಿದವರಿಲ್ಲ. ವ್ಯತ್ಯಾಸ ಉಂಟಾಗಿದೆ, ಅಷ್ಟೆ. ಇಂಗ್ಲಿಷಿನ ಆಫೀಸು ಭಾಷೆಯನ್ನು ದೂರಲು ಹೊರಟವಳಿಗೆ ನಮ್ಮ ಮಾತೂ ನೆನಪಾಯಿತು. ‘ತಪ್ಪಾಯ್ತು’ ಎನ್ನುತ್ತೇವಲ್ಲ, ಅದರಲ್ಲಿಯಾದರೂ ಮಾಡಿದವರು ಎಲ್ಲಿದ್ದಾರೆ? ಬೆಳಗಾಯ್ತು, ಮಳೆಯಾಯ್ತು, ತಪ್ಪಾಯ್ತು. ಆದರೆ ಎದುರಿಗೆ ನಿಂತು ತಲೆ ತಗ್ಗಿಸಿ ಹೇಳುವಾಗ ಮಾಡಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತಾರೆ. ಕಾಗದದಲ್ಲಿ ತಲೆ ತಗ್ಗಿಸಲು ಬರುವುದಿಲ್ಲ. ಹಾಗಾಗಿ ಅಲ್ಲಿ ‘ನಾವು ಮಾಡಿದೆವು’ ಎಂದು ಬರೆಯಲೇಬೇಕಾಗುತ್ತದೆ. ‘ಶನಿವಾರ ರಾತ್ರಿ ನಾವು ಹಾಕಿದ ಹೊಸ ಆವೃತ್ತಿ ನಿಮ್ಮ ಸಾಲಗಳ ತಾರೀಖುಗಳನ್ನು ತಪ್ಪಾಗಿ ಬರೆದಿದೆ. ನಾವು ಸರಿಯಾಗಿ ಪರೀಕ್ಷಿಸಲಿಲ್ಲ.’ ನಮ್ಮ ಯಜಮಾನರು ಇದನ್ನು ನೋಡಿ, “ಇಷ್ಟು ನೇರವಾಗಿ ಬೇಕೇ? ಹೊಸ ಹುಡುಗನೊಬ್ಬನಿಂದ ಆಯಿತು ಅಂತ ಹಾಕಿ, ಅವರಿಗೂ ಸಮಾಧಾನ” ಎಂದರು. ಯಂತ್ರ ಹೊಂದಿಸಿದವನು ಆ ಹುಡುಗನೇ, ನಿಜ. ಆದರೆ ಫೈಲು ಆರಿಸಿದವರು ಇನ್ನೊಬ್ಬರು, ಗುರುತು ಹಾಕಿದವಳು ನಾನು. ಒಬ್ಬನ ತಲೆ ಕೊಟ್ಟರೆ ಕಾರ್ಯದರ್ಶಿಗಳಿಗೆ ಸಮಾಧಾನವಾಗಬಹುದು. ಆದರೆ ಆ ಹುಡುಗನನ್ನು ತೆಗೆದುಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಅವರು ತಿಳಿದರೆ, ನಾವು ಅವರಿಗೆ ಎರಡನೆಯ ತಪ್ಪು ಲೆಕ್ಕ ಕೊಟ್ಟ ಹಾಗೆ. ನಾನು ಒಪ್ಪಲಿಲ್ಲ. ನನ್ನ ಹೆಸರು ಹಾಕಲೇ ಎಂದು ಕೇಳಿದಾಗ ಅವರೂ ಸುಮ್ಮನಾದರು.

ಆಮೇಲೆ ‘ಕೆಲವು’. ಇದಕ್ಕೆ ನಾವು ಒಂದು ಗಂಟೆ ಜಗಳವಾಡಿದೆವು. ಮೂರು ರಾತ್ರಿಗಳಲ್ಲಿ ಒಳಗೆ ಬಂದದ್ದು 312 ಸಾಲು, ತಿರುವಾದದ್ದು 118. ಸಂಘದಲ್ಲಿ ಒಟ್ಟು ಹನ್ನೊಂದು ಸಾವಿರ ಸಾಲಗಳಿವೆ. ಹನ್ನೊಂದು ಸಾವಿರಕ್ಕೆ 118 ಎಂದರೆ ನೂರಕ್ಕೆ ಒಂದು, ‘ಕೆಲವು’ ಎಂದರೆ ಸುಳ್ಳಲ್ಲ. ಆದರೆ ಆ ಮಾತು ಯಾರ ಪರವಾಗಿ ಕೆಲಸ ಮಾಡುತ್ತದೆ ಎಂದು ಯೋಚಿಸಿದೆ. ‘ಕೆಲವು’ ಎಂದು ಓದಿದ ಕಾರ್ಯದರ್ಶಿಗೆ ಯಾವ ಹನ್ನೊಂದು ಸಾವಿರವನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂದು ತಿಳಿಯುವುದಿಲ್ಲ. ಅವರು ಎಲ್ಲವನ್ನೂ ಅನುಮಾನಿಸಬೇಕು, ಇಲ್ಲವೆ ಯಾವುದನ್ನೂ ಅನುಮಾನಿಸದೆ ಬಿಡಬೇಕು. 118 ಎಂದು ಬರೆದು, ಜೊತೆಗೆ ಒಂದೊಂದರ ಸಾಲದ ಸಂಖ್ಯೆ, ಇರಬೇಕಾದ ತಾರೀಖು, ಈಗಿರುವ ತಾರೀಖು ಕೊಟ್ಟರೆ ಉಳಿದವುಗಳ ಮೇಲೆ ಅವರು ನಿಶ್ಚಿಂತೆಯಿಂದ ಕೆಲಸ ಮಾಡಬಹುದು. ನಿಖರವಾದ ಸಂಖ್ಯೆ ಕೇಳಲು ಹೆಚ್ಚು ಕೆಟ್ಟದಾಗಿರುತ್ತದೆ. ಆದರೆ ಉಪಯೋಗಕ್ಕೆ ಬರುವುದು ಅದೊಂದೇ.

ಚಿಕ್ಕಂದಿನಲ್ಲಿ ಪಕ್ಕದ ಮನೆಯಿಂದ ತಂದ ತಾಮ್ರದ ಹಂಡೆಯನ್ನು ನಾವು ಬೀಳಿಸಿಬಿಟ್ಟಿದ್ದೆವು. ಅಮ್ಮ ನನ್ನ ಕೈಯಲ್ಲೇ ಅದನ್ನು ಹಿಂದಕ್ಕೆ ಕಳಿಸಿದರು. ನಾನು ಅಳುತ್ತಾ, ಕೈ ಒದ್ದೆಯಾಗಿತ್ತು, ತಮ್ಮ ತಳ್ಳಿದ, ನೆಲ ಜಾರುತ್ತಿತ್ತು ಎಂದೆಲ್ಲ ಹೇಳುತ್ತಿದ್ದೆ. ಆ ಮನೆಯ ಅಜ್ಜಿ, “ಅದಿರಲಿ ಮಗು, ಎಲ್ಲಿ ಸೋರುತ್ತೆ ಹೇಳು” ಎಂದರು. ನನಗೆ ಗೊತ್ತಿರಲಿಲ್ಲ. ನಾನು ನೋಡಿಯೇ ಇರಲಿಲ್ಲ.

ವಿವರಣೆ ಕೊಟ್ಟರೆ ಕ್ಷಮೆಯ ತೂಕ ಕಡಿಮೆಯಾಗುತ್ತದೆ ಎಂದು ಹಲವರು ಹೇಳುತ್ತಾರೆ. ಸಮಜಾಯಿಷಿ ಬೇಡ, ತಪ್ಪು ಒಪ್ಪಿಕೋ, ಸಾಕು, ಎಂದು ನಾವೂ ಮಕ್ಕಳಿಗೆ ಹೇಳಿದ್ದೇವೆ. ಆದರೆ ಕೈ ಒದ್ದೆಯಾಗಿತ್ತು ಎನ್ನುವುದೂ ವಿವರಣೆ, ತಳದ ಬೆಸುಗೆ ಬಿಟ್ಟಿದೆ ಎನ್ನುವುದೂ ವಿವರಣೆ. ಮೊದಲನೆಯದು ನನಗೆ ಬೇಕಾದದ್ದು, ಎರಡನೆಯದು ಹಂಡೆಯ ಯಜಮಾನಿಗೆ ಬೇಕಾದದ್ದು. ಈ ಪತ್ರದಲ್ಲಿ ‘ದಿನ ಮತ್ತು ತಿಂಗಳು ಅದಲುಬದಲಾಗಿವೆ, 1ರಿಂದ 12ನೇ ತಾರೀಖಿನವು ಮಾತ್ರ, ಆಗಸ್ಟ್ 7, 8 ಮತ್ತು 9ರ ರಾತ್ರಿ ಬಂದವು ಮಾತ್ರ’ ಎಂಬುದು ಎರಡನೆಯ ಜಾತಿಯದು. ಅದನ್ನು ಓದಿದ ಶಾಖೆಯ ಗುಮಾಸ್ತೆ ನಮ್ಮ ಪಟ್ಟಿ ಇಲ್ಲದೆಯೂ ತನ್ನ ಲೆಡ್ಜರ್ ತೆಗೆದು ತಾನೇ ಹುಡುಕಬಲ್ಲಳು, ನಮ್ಮ ಪಟ್ಟಿ ಸರಿಯೇ ಎಂದು ಪರೀಕ್ಷಿಸಬಲ್ಲಳು. ‘ಶನಿವಾರ ಸಮಯದ ಅಭಾವವಿದ್ದುದರಿಂದ’ ಎಂದು ನನ್ನ ಎರಡನೆಯ ಕರಡಿನಲ್ಲಿ ಒಂದು ಸಾಲು ನುಸುಳಿತ್ತು. ಅದು ನನ್ನ ನೆಂಟರ ಮಾತು. ಅಳಿಸಿದೆ. ಅಳಿಸುವಾಗ ಸಂಕಟವಾಯಿತೆಂದು ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ.

ಯಾವಾಗ ಸರಿಮಾಡುತ್ತೀರಿ ಎನ್ನುವುದು ಕೊನೆಯ ಪ್ರಶ್ನೆ. “ಎರಡು ದಿನದಲ್ಲಿ ಅಂತ ಬರೀರಿ, ಆಮೇಲೆ ನೋಡಿಕೊಳ್ಳೋಣ” ಎಂದರು ಯಜಮಾನರು. ನನಗೆ 2021ರ ಜೂನ್ ನೆನಪಾಯಿತು. ಆದಾಯ ತೆರಿಗೆಯ ಹೊಸ ಜಾಲತಾಣ ಆ ತಿಂಗಳ 7ರಂದು ಶುರುವಾಯಿತು. ಕಟ್ಟಿಕೊಟ್ಟದ್ದು ಇನ್ಫೋಸಿಸ್, ಮೈಸೂರಿನವರಾದ ನಮಗೆ ಹೆಬ್ಬಾಳದ ಅದರ ದೊಡ್ಡ ತರಬೇತಿ ಕೇಂದ್ರದಿಂದಾಗಿ ಅದು ನೆರೆಮನೆಯ ಹೆಸರಿನಂತೆ. ಮರುದಿನವೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಟ್ವಿಟರಿನಲ್ಲಿ ಎಲ್ಲರೆದುರಿಗೆ ಕಂಪನಿಯ ಮತ್ತು ನಂದನ್ ನಿಲೇಕಣಿಯವರ ಹೆಸರು ಹಿಡಿದು ದೂರಿದರು. ನಿಲೇಕಣಿಯವರು ಅಲ್ಲಿಯೇ ವಿಷಾದ ತಿಳಿಸಿ, ಆ ವಾರದೊಳಗೆ ವ್ಯವಸ್ಥೆ ಹದಕ್ಕೆ ಬರುವ ನಿರೀಕ್ಷೆ ಇದೆ ಎಂದರು. ತಡಮಾಡದೆ, ಸೌಜನ್ಯದಿಂದ ಕೊಟ್ಟ ಉತ್ತರವೇ. ಆದರೆ ಆಗಸ್ಟಿನಲ್ಲಿ ಆ ತಾಣ ಎರಡು ದಿನ ಪೂರ್ತಿ ನಿಂತುಹೋಗಿ, ಕಂಪನಿಯ ಮುಖ್ಯಸ್ಥ ಸಲೀಲ್ ಪಾರೇಖ್ ಅವರನ್ನು 23ರಂದು ದೆಹಲಿಗೆ ಕರೆಸಿ ಕೇಳಲಾಯಿತು, ಸೆಪ್ಟೆಂಬರ್ 15ರ ಗಡುವು ಬಿತ್ತು. ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಡಿಸೆಂಬರ್ 31 ತಲುಪಿತು. ಅಷ್ಟು ದೊಡ್ಡವರಿಗೇ ಒಂದು ವಾರ ಎಂಬ ಮಾತು ಮೂರು ತಿಂಗಳು ಬೆನ್ನು ಹತ್ತಿದ್ದರೆ, ‘ಆಮೇಲೆ ನೋಡಿಕೊಳ್ಳೋಣ’ ಎನ್ನುವ ನಾವು ಎಷ್ಟರವರು?

ಹುಡುಗರನ್ನು ಕೂರಿಸಿಕೊಂಡು ಕೇಳಿದೆ. ತಾರೀಖುಗಳನ್ನು ಹಿಂದಕ್ಕೆ ತಿರುಗಿಸಿಬಿಟ್ಟರೆ ಆಯಿತಲ್ಲ, ಹತ್ತು ನಿಮಿಷದ ಕೆಲಸ ಎಂದ ಒಬ್ಬ. ಅದೇ ಅಪಾಯ. ಹಳೆಯ ದಾಖಲೆಗಳಲ್ಲಿಯೂ ಮಾರ್ಚ್ 9 ಎಂಬ ತಾರೀಖು ಇರುತ್ತದೆ, ನಿಜವಾದ ಮಾರ್ಚ್ 9. ಎಲ್ಲವನ್ನೂ ತಿರುಗಿಸಿದರೆ ಸರಿ ಇದ್ದವು ಕೆಡುತ್ತವೆ. ಪುಣ್ಯಕ್ಕೆ ಶಾಖೆಗಳಿಂದ ಬಂದ ಮೂಲ ಫೈಲುಗಳನ್ನು ಮೂವತ್ತು ದಿನ ಹಾಗೆಯೇ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿತ್ತು. ಆ ಮೂರು ಫೈಲುಗಳ 312 ಸಾಲುಗಳನ್ನು ಒಳಗಿನ ದಾಖಲೆಯೊಂದಿಗೆ ಒಂದೊಂದಾಗಿ ಹೋಲಿಸಿ, ಬೇರೆಯಾದದ್ದನ್ನು ಮಾತ್ರ ಮೂಲದಿಂದ ಬರೆಯಬೇಕು. ಅದರಲ್ಲೂ ನಾಲ್ಕು ಸಾಲಗಳನ್ನು ಶಾಖೆಯವರೇ ಕಣ್ಣಿಗೆ ಬಿದ್ದು ಗುರುವಾರ ಬೆಳಗ್ಗೆ ಕೈಯಿಂದ ತಿದ್ದಿದ್ದರು. ಅವುಗಳ ಮೇಲೆ ಬರೆದರೆ ಅವರ ತಿದ್ದುಪಡಿ ಹಾರಿಹೋದೀತು, ಅವನ್ನು ಬೇರೆ ನೋಡಬೇಕು.

ಕೊನೆಗೆ ಪತ್ರದಲ್ಲಿ ಹೋದದ್ದು ಹೀಗೆ. ರಾತ್ರಿಯ ಫೈಲು ಒಳಗೆ ಬರುವುದನ್ನು ಈಗಾಗಲೇ ನಿಲ್ಲಿಸಿದ್ದೇವೆ, ಶಾಖೆಗಳು ದಯವಿಟ್ಟು ನೋಟಿಸು ತೆಗೆಯಬಾರದು. ಶುಕ್ರವಾರ ಮಧ್ಯಾಹ್ನ 12ಕ್ಕೆ 118ರ ಪಟ್ಟಿ ಕಳಿಸುತ್ತೇವೆ. ಸಂಜೆಯೊಳಗೆ ಶಾಖೆಯವರು ಅದರಲ್ಲಿ ಯಾವುದಾದರೂ ಇಪ್ಪತ್ತನ್ನು ತಮ್ಮ ಕಾಗದದ ಲೆಡ್ಜರಿನೊಂದಿಗೆ ನೋಡಿ ಸರಿ ಎಂದು ತಿಳಿಸಬೇಕು. ಅವರು ಸರಿ ಎಂದರೆ ಮಾತ್ರ ಶನಿವಾರ ರಾತ್ರಿ ತಿದ್ದುತ್ತೇವೆ. ಒಂದು ತಪ್ಪಿದರೂ ನಿಲ್ಲಿಸಿ ಫೋನು ಮಾಡುತ್ತೇವೆ. ಸೋಮವಾರ 14ರ ಬೆಳಗ್ಗೆ 10ಕ್ಕೆ, ಮುಗಿದಿರಲಿ ಮುಗಿಯದಿರಲಿ, ವರದಿ ಬರುತ್ತದೆ. ‘ಮುಗಿದಿರಲಿ ಮುಗಿಯದಿರಲಿ’ ಎಂಬ ಮಾತಿಗೆ ಯಜಮಾನರು ಮುಖ ಹುಳ್ಳಗೆ ಮಾಡಿದರು. ಕಾರ್ಯದರ್ಶಿಗಳು ಆಮೇಲೆ ಫೋನಿನಲ್ಲಿ, ಇಡೀ ಪತ್ರದಲ್ಲಿ ತಮಗೆ ಧೈರ್ಯ ತಂದದ್ದು ಅದೊಂದೇ ಮಾತು ಎಂದರು.

ಒಂದು ಪ್ಯಾರಾ ಮಾತ್ರ ನನಗೆ ಬರೆಯಲು ಬರಲಿಲ್ಲ. ಕಂಪ್ಯೂಟರಿನಿಂದ 23 ನೋಟಿಸುಗಳು ಹೊರಬಂದಿದ್ದವು. 14 ಇನ್ನೂ ಮೇಜಿನ ಮೇಲಿದ್ದವು, ಹರಿದು ಹಾಕಿದರು. ಒಂಬತ್ತು ಮಂಗಳವಾರವೇ ಅಂಚೆಗೆ ಬಿದ್ದಿದ್ದವು. ದಾಖಲೆಯನ್ನು ಹಿಂದಿನಂತೆ ಮಾಡಬಹುದು, ಹೆಚ್ಚಿಗೆ ವಸೂಲಾದ ಬಡ್ಡಿಯನ್ನು ಹಿಂದಕ್ಕೆ ಕೊಡಬಹುದು, ಹಾಗೆಯೇ ಕೊಟ್ಟರು. ಓದಿದ ನೋಟಿಸನ್ನು ಓದದಂತೆ ಮಾಡುವ ಫೈಲು ಎಲ್ಲಿದೆ? ಒಂಬತ್ತೂ ಜನಕ್ಕೆ ನಾವೇ ಕ್ಷಮಾಪಣೆಯ ಕಾಗದ ಬರೆಯುತ್ತೇವೆ, ನಿಮ್ಮ ತಪ್ಪಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇವೆ ಎಂದು ಕಾರ್ಯದರ್ಶಿಗಳಿಗೆ ಹೇಳಿದೆ. ನಮ್ಮ ಗಿರಾಕಿ ಸಂಘ, ನಿಜ. ಆದರೆ ನೋವಾದದ್ದು ನಮ್ಮ ಹೆಸರೇ ಕೇಳದವರಿಗೆ. ಇದು ಒಳ್ಳೆಯ ಯೋಚನೆ ಎಂದು ನನಗೆ ನನ್ನ ಮೇಲೆಯೇ ಸ್ವಲ್ಪ ಮೆಚ್ಚುಗೆಯಾಗಿತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಎಂಟು ಜನಕ್ಕೆ ಬರೀರಿ ಅಮ್ಮ. ಆ ಬಳೆಯ ಹೆಣ್ಣುಮಗಳಿಗೆ ಬೇಡ. ಮಗನ ಕಾಲೇಜು ಫೀಸಿಗೆ ಅಂತ ಅಡವಿಟ್ಟದ್ದು ಮನೆಯಲ್ಲಿ ಗೊತ್ತಿರಲಿಲ್ಲವಂತೆ. ತವರಿನ ಬಳೆ. ನೋಟಿಸು ಬಂದಾಗ ಆಕೆ ಕೆಲಸಕ್ಕೆ ಹೋಗಿದ್ದಳು, ಅತ್ತೆ ಇಸಕೊಂಡು ಪಕ್ಕದ ಮನೆ ಹುಡುಗನ ಕೈಲಿ ಓದಿಸಿದ್ದಾರೆ. ಈಗ ಇನ್ನೊಂದು ಕಾಗದ ಹೋದರೆ ಅದನ್ನೂ ಓದಿಸ್ತಾರೆ.”

ನನ್ನ ಕಾಗದ ಆಗಲೇ ಅರ್ಧ ಬರೆದಿತ್ತು. ಕ್ಷಮೆ ಕೇಳಿದರೆ ಯಾರಿಗೆ ಹಗುರವಾಗುತ್ತದೆ ಎಂದು ಆವರೆಗೆ ನಾನು ಕೇಳಿಕೊಂಡಿರಲಿಲ್ಲ. ಆಕೆಗೆ ಬರೆಯಲಿಲ್ಲ. ಆಕೆ ಮುಂದಿನ ಸಲ ಬಂದಾಗ ಶಾಖೆಯ ಗುಮಾಸ್ತೆ ಒಳಗೆ ಕೂರಿಸಿ ಎಲ್ಲ ತಿಳಿಸಬೇಕು, ಬೇಕೆಂದರೆ ನನ್ನ ನಂಬರು ಕೊಡಬೇಕು ಎಂದು ಮಾತಾಯಿತು. ಎಂಟು ಕಾಗದಗಳು ಮಾತ್ರ ಹೋದವು, ಕನ್ನಡದಲ್ಲಿ, ಕೈಯಿಂದ ಸಹಿ ಮಾಡಿ. ಅದರಲ್ಲಿ ಇನ್ನೆಷ್ಟು ಮನೆಗಳಲ್ಲಿ ಮನೆಯವರಿಗೆ ತಿಳಿಯದ ಅಡವುಗಳಿದ್ದವೋ, ಬರೆದದ್ದು ಸರಿಯಾಯಿತೋ ಇಲ್ಲವೋ, ಇವತ್ತಿಗೂ ನನಗೆ ನಿಶ್ಚಯವಿಲ್ಲ.

ಶನಿವಾರ ರಾತ್ರಿ ತಿದ್ದುಪಡಿ ನಡೆಯಿತು. 114 ಯಂತ್ರದಿಂದ, ನಾಲ್ಕು ಕೈಯಿಂದ. ಸೋಮವಾರ ಹತ್ತಕ್ಕೆ ವರದಿ ಕಳಿಸಿದೆ. ಪರೀಕ್ಷೆಯ ಫೈಲಿಗೆ ಈಗ ತಿಂಗಳ ಮೊದಲ ವಾರದ ಸಾಲುಗಳನ್ನೂ ಸೇರಿಸಿದ್ದೇವೆ, ಗುರುತು ಹಾಕುವ ಪಟ್ಟಿಯಲ್ಲಿ ‘12ರ ಒಳಗಿನ ತಾರೀಖು ನೋಡಿದಿರಾ’ ಎಂದು ಒಂದು ಸಾಲು ಹೆಚ್ಚಾಗಿದೆ.

ಸೆಪ್ಟೆಂಬರಿನಲ್ಲಿ ಬೇರೆ ಕೆಲಸಕ್ಕೆ ಕಾರ್ಯದರ್ಶಿಗಳು ಫೋನು ಮಾಡಿದಾಗ, ಮಾತಿನ ಕೊನೆಗೆ ತಾವಾಗಿಯೇ, “ಆ ಬಳೆ ಬಿಡಿಸಿಕೊಂಡು ಹೋದಳಮ್ಮ, ಗಡುವಿಗೆ ಒಂದು ದಿನ ಮೊದಲೇ” ಎಂದರು. ಮನೆಯಲ್ಲಿ ಏನಾಯಿತು ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ನನ್ನ ನಂಬರಿಗೆ ಆಕೆಯ ಫೋನು ಬರಲಿಲ್ಲ.